ಫೋಟೋ ಜೊತೆ ‘ಎಂತ ಅನ್ಸುತ್ತೆ?’ ಅಂತ ಬಂದರೆ ಮಾಡೆಲ್ ಎಡವುವುದೆಲ್ಲಿ: ದೋಷ ಹುಡುಕುವ ಕ್ರಮ

ಅಡಿಕೆ ಬೆಳೆಗಾರರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಸಲಹೆ ಕೇಳುವ ಒಂದು ಸಣ್ಣ ಸೇವೆಯ ತಾಂತ್ರಿಕ ಕೆಲಸ ನನ್ನದು. ಬಂದ ಫೋಟೋ ಮತ್ತು ಮಾತು ಚಿತ್ರ ಓದಬಲ್ಲ ಭಾಷಾ ಮಾಡೆಲ್ ಒಂದಕ್ಕೆ ಹೋಗುತ್ತದೆ, ಅದು ಬರೆದದ್ದನ್ನು ಕೃಷಿ ಓದಿದ ಸಹೋದ್ಯೋಗಿ ನೋಡಿ ಮುಂದೆ ಕಳಿಸುತ್ತಾರೆ. ಇಲ್ಲಿ ಅತಿ ಹೆಚ್ಚು ಬರುವ ದೂರು ಒಂದೇ. ಬೆಳೆಗಾರರು ಸೋಗೆಯ ಫೋಟೋ ತೆಗೆದು ‘ಎಂತ ಅನ್ಸುತ್ತೆ ನೋಡಿ’ ಎಂದಷ್ಟೇ ಬರೆಯುತ್ತಾರೆ. ಮಾಡೆಲ್ ಬರೆಯುವ ಉತ್ತರದಲ್ಲಿ ತೋಟ ಹಸಿರಾಗಿದೆ, ಮರಗಳು ಸಾಲಾಗಿವೆ, ಚೆನ್ನಾಗಿ ನೋಡಿಕೊಂಡಿದ್ದೀರಿ, ನೀರು ಗೊಬ್ಬರ ಸಮಯಕ್ಕೆ ಕೊಡಿ ಎಂಬ ಮಾತುಗಳಿರುತ್ತವೆ. ಅವರು ತೋರಿಸಲು ಹೊರಟಿದ್ದ, ಹಳದಿ ಅಂಚಿನ ಕಂದು ಚುಕ್ಕಿಗಳ ಸುದ್ದಿಯೇ ಇರುವುದಿಲ್ಲ.

ಇಂಥ ಉತ್ತರ ಕಂಡ ಕೂಡಲೇ ಮಾಡೆಲ್ ಬದಲಿಸೋಣ, ಇಲ್ಲವೇ ಮಾಡೆಲ್‌ಗೆ ಮೊದಲೇ ಬರೆದಿಡುವ ಸೂಚನೆಯಲ್ಲಿ ‘ರೋಗ ಗುರುತಿಸು’ ಎಂದು ಸೇರಿಸೋಣ ಎನಿಸುತ್ತದೆ. ಎರಡನ್ನೂ ಸದ್ಯಕ್ಕೆ ಬದಿಗಿಡಿ. ಹೊರಗೆ ಒಂದೇ ರೀತಿ ಕಾಣುವ ಈ ಉತ್ತರಕ್ಕೆ ಮೂರು ಬೇರೆ ಬೇರೆ ಕಾರಣಗಳಿರಬಹುದು: ಫೋಟೋ ಮಾಡೆಲ್‌ಗೆ ತಲುಪಿಲ್ಲ, ತಲುಪಿದ್ದರೂ ಚುಕ್ಕಿ ಅಳಿಸಿಹೋಗುವಷ್ಟು ಕುಗ್ಗಿದೆ, ಅಥವಾ ಫೋಟೋ ಸರಿಯಾಗಿದ್ದು ಪ್ರಶ್ನೆ ಖಾಲಿಯಾಗಿದೆ. ಒಂದಕ್ಕೆ ಮಾಡಿದ ಪರಿಹಾರ ಇನ್ನೊಂದಕ್ಕೆ ತಾಗುವುದಿಲ್ಲ. ಅದಕ್ಕೇ ಇವನ್ನು ಇದೇ ಕ್ರಮದಲ್ಲಿ ನೋಡುವುದು ಒಳ್ಳೆಯದು.

ಫೋಟೋ ನಿಜಕ್ಕೂ ತಲುಪಿದೆಯೇ?

ಇದು ಪೆದ್ದು ಪ್ರಶ್ನೆಯಂತೆ ಕಾಣಬಹುದು, ಆದರೆ ‘ಎಂತ ಅನ್ಸುತ್ತೆ’ ಎಂಬಂಥ ಮಾತಿನಲ್ಲಿ ಇದನ್ನು ಹೊರಗಿನಿಂದ ಪತ್ತೆ ಮಾಡುವುದೇ ಕಷ್ಟ. ‘ಈ ಬೋರ್ಡಿನ ಮೇಲೆ ಏನು ಬರೆದಿದೆ’ ಎಂದು ಕೇಳಿದ್ದರೆ ಫೋಟೋ ಇಲ್ಲದ ಉತ್ತರ ಕೂಡಲೇ ಸಿಕ್ಕಿಬೀಳುತ್ತಿತ್ತು. ಇಲ್ಲಿ ಹಾಗಲ್ಲ. ಸೂಚನೆಯಲ್ಲಿ ಇದು ಅಡಿಕೆ ಸೇವೆ ಎಂದು ಮೊದಲೇ ಬರೆದಿರುವುದರಿಂದ, ಮಾಡೆಲ್ ಏನನ್ನೂ ನೋಡದೆಯೇ ಹಸಿರು ತೋಟ, ಸಾಲು ಮರ ಎಂದು ಬರೆಯಬಲ್ಲದು. ಆ ಮಾತು ಹೆಚ್ಚಿನ ಫೋಟೋಗಳಿಗೆ ಸರಿಯಾಗಿಯೇ ಹೊಂದಿಕೊಳ್ಳುತ್ತದೆ.

ಪರೀಕ್ಷೆ ಸರಳ. ಅದೇ ಮಾತನ್ನು ಮೂರು ಸಲ ಕಳಿಸಿ: ಒಮ್ಮೆ ಅಸಲಿ ಫೋಟೋ ಜೊತೆ, ಒಮ್ಮೆ ಬರೀ ಬೂದು ಬಣ್ಣದ ಖಾಲಿ ಚಿತ್ರದ ಜೊತೆ, ಒಮ್ಮೆ ಸ್ಕೂಟರ್ ಫೋಟೋ ಜೊತೆ. ಸ್ಕೂಟರಿಗೂ ತೋಟ ಹಸಿರಾಗಿದೆ ಎಂದು ಬಂದರೆ ಚಿತ್ರ ದಾರಿಯಲ್ಲೇ ಬಿದ್ದುಹೋಗಿದೆ. ಇನ್ನೊಂದು ಗುರುತು ಉತ್ತರದ ಜೊತೆ ಬರುವ `usage` ಭಾಗದಲ್ಲಿದೆ. ಹೆಚ್ಚಿನ ಸೇವೆಗಳಲ್ಲಿ ಅಲ್ಲಿ `prompt_tokens` ಅಥವಾ `input_tokens` ಎಂಬ ಸಂಖ್ಯೆ ಇರುತ್ತದೆ. ಚಿತ್ರವೂ ಮಾತಿನಂತೆ ಮಾಡೆಲ್ ಓದುವ ಸಣ್ಣ ತುಣುಕುಗಳಾದ ಟೋಕನ್‌ಗಳಾಗಿಯೇ ಒಳಗೆ ಹೋಗುವುದರಿಂದ, ಫೋಟೋ ಇದ್ದಾಗ ಆ ಸಂಖ್ಯೆ ನೂರಾರು ಹೆಚ್ಚಬೇಕು. ಉದಾಹರಣೆಗೆ ಲಾವಾ 1.5 ಮಾಡೆಲ್‌ನಲ್ಲಿ ಒಂದು ಚಿತ್ರಕ್ಕೆ 576 ಟೋಕನ್ ಆಗುತ್ತದೆ. ಫೋಟೋ ಇದ್ದರೂ ಇಲ್ಲದಿದ್ದರೂ ಸಂಖ್ಯೆ ಒಂದೇ ಎಂದಾದರೆ ಮುಂದಿನ ಪರೀಕ್ಷೆಯೇ ಬೇಡ.

ಬೀಳುವುದಾದರೂ ಎಲ್ಲಿ? ನಾನು ಕಂಡಂತೆ ಹೆಚ್ಚಾಗಿ ಜನ ಫೋಟೋ ಕಳಿಸುವ ರೀತಿಯಲ್ಲೇ ಕಾರಣವಿರುತ್ತದೆ. ಬಹಳ ಮಂದಿ ಮೊದಲು ಫೋಟೋ ಕಳಿಸುತ್ತಾರೆ, ಆಮೇಲೆ ಬೇರೆಯದೇ ಮೆಸೇಜಿನಲ್ಲಿ ‘ಎಂತ ಅನ್ಸುತ್ತೆ’ ಎಂದು ಟೈಪ್ ಮಾಡುತ್ತಾರೆ. ನಮ್ಮ ಸರ್ವರಿಗೆ ಅದು ಎರಡು ಪ್ರತ್ಯೇಕ ಸಂದೇಶ. ಪ್ರತಿ ಸಂದೇಶಕ್ಕೂ ಒಂದೊಂದು ಉತ್ತರ ಎಂಬಂತೆ ಕೋಡ್ ಬರೆದಿದ್ದರೆ, ಮಾಡೆಲ್‌ಗೆ ಮೊದಲು ಮಾತಿಲ್ಲದ ಫೋಟೋ ಸಿಗುತ್ತದೆ, ಆಮೇಲೆ ಫೋಟೋ ಇಲ್ಲದ ಮಾತು. ಕೆಲವರು ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸುತ್ತಾರೆ. ಆಗ ಸಂದೇಶದ `type` ಜಾಗದಲ್ಲಿ `image` ಬದಲು `document` ಎಂದು ಬರುತ್ತದೆ, `image` ಒಂದನ್ನೇ ಹುಡುಕುವ ಕೋಡ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಳೆಯ ಫೋಟೋವನ್ನು ಒತ್ತಿ ಹಿಡಿದು ಅದಕ್ಕೆ ರಿಪ್ಲೈ ಆಗಿ ಕೇಳಿದವರದ್ದು ಮತ್ತೊಂದು ಬಗೆ. ಅವರು ಯಾವ ಫೋಟೋದ ಬಗ್ಗೆ ಕೇಳುತ್ತಿದ್ದಾರೆ ಎಂಬುದು `context.id` ಎಂಬ ಜಾಗದಲ್ಲಿ ಮಾತ್ರ ಇರುತ್ತದೆ.

ಪರಿಹಾರವೂ ಅಲ್ಲೇ ಇದೆ. ಒಂದೇ ನಂಬರಿನಿಂದ ಬರುವ ಸಂದೇಶಗಳಿಗೆ ಕೆಲವು ಸೆಕೆಂಡು ಕಾಯಿರಿ, ಒಟ್ಟುಗೂಡಿಸಿ, ಆಮೇಲೆ ಮಾಡೆಲ್‌ಗೆ ಕೊಡಿ. `context.id` ಇದ್ದರೆ ಆ ಫೋಟೋವನ್ನೇ ಎತ್ತಿಕೊಳ್ಳಿ. ಮಾತು ಯಾವುದೋ ಫೋಟೋದತ್ತ ಬೆರಳು ಮಾಡುತ್ತಿದೆ, ಆದರೆ ಫೋಟೋ ಎಲ್ಲೂ ಸಿಗುತ್ತಿಲ್ಲ ಎಂದಾದರೆ ಆ ಸಂದೇಶವನ್ನು ಮಾಡೆಲ್‌ಗೆ ಕಳಿಸಲೇಬೇಡಿ. ‘ಫೋಟೋ ಬಂದಿಲ್ಲ, ಇನ್ನೊಮ್ಮೆ ಕಳಿಸಿ’ ಎಂಬ ಸಿದ್ಧ ಸಾಲು ಎಷ್ಟೋ ವಾಸಿ.

ತಲುಪಿದ್ದರೂ ಚುಕ್ಕಿ ಉಳಿದಿದೆಯೇ?

ಫೋಟೋ ತಲುಪಿದೆ ಎಂದು ಖಾತ್ರಿಯಾದ ಮೇಲೆ ನೋಡಬೇಕಾದದ್ದು ಮಾಡೆಲ್ ಕಂಡ ಚಿತ್ರವನ್ನು. ನಮ್ಮ ಪರದೆಯ ಮೇಲಿರುವ ಚಿತ್ರವೇ ಅದು ಎಂದುಕೊಂಡರೆ ಇಡೀ ತನಿಖೆ ದಾರಿ ತಪ್ಪುತ್ತದೆ. ಮಾಡೆಲ್ ಚಿತ್ರವನ್ನು ಮೊದಲು ತನ್ನ ಅಳತೆಗೆ ಕುಗ್ಗಿಸುತ್ತದೆ, ಆಮೇಲೆ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. 2023ರಲ್ಲಿ ಬಂದ ಲಾವಾ 1.5ರ ಅಳತೆ 336×336 ಪಿಕ್ಸೆಲ್. ಒಂದೊಂದು ಚೌಕ 14 ಪಿಕ್ಸೆಲ್ ಅಗಲ, ಹಾಗಾಗಿ 24 ಸಾಲು, ಸಾಲಿಗೆ 24 ಚೌಕ. ಮೇಲೆ ಹೇಳಿದ 576 ಬಂದದ್ದು ಹೀಗೆ.

ಈಗ ನಮ್ಮ ತೋಟದ ಲೆಕ್ಕ ಹಾಕೋಣ. ಬೆಳೆಗಾರರು ಸ್ವಲ್ಪ ದೂರ ನಿಂತು ಇಡೀ ಸೋಗೆ ಬರುವಂತೆ ಫೋಟೋ ತೆಗೆದಿದ್ದಾರೆ, ಚೌಕಟ್ಟಿನೊಳಗೆ ಎರಡು ಮೀಟರ್ ಅಗಲದ ದೃಶ್ಯವಿದೆ ಎನ್ನಿ. ಫೋನ್ ತೆಗೆದದ್ದು 4000 ಪಿಕ್ಸೆಲ್ ಅಗಲದ ಚಿತ್ರ. ಒಂದು ಪಿಕ್ಸೆಲ್ಲಿಗೆ ಅರ್ಧ ಮಿಲಿಮೀಟರ್, ಐದು ಮಿಲಿಮೀಟರಿನ ಚುಕ್ಕಿಗೆ ಹತ್ತು ಪಿಕ್ಸೆಲ್. ವಾಟ್ಸಾಪ್ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸುವಾಗ ಅದನ್ನು ಸುಮಾರು 1600 ಪಿಕ್ಸೆಲ್ಲಿಗೆ ಇಳಿಸುತ್ತದೆ, ಚುಕ್ಕಿಗೆ ಉಳಿಯುವುದು ನಾಲ್ಕು. ಮಾಡೆಲ್ 336ಕ್ಕೆ ಕುಗ್ಗಿಸಿದಾಗ ಒಂದು ಪಿಕ್ಸೆಲ್ಲಿಗೆ ಆರು ಮಿಲಿಮೀಟರ್ ಬರುತ್ತದೆ. ಐದು ಮಿಲಿಮೀಟರಿನ ಚುಕ್ಕಿ ಒಂದು ಪಿಕ್ಸೆಲ್ಲನ್ನೂ ತುಂಬುವುದಿಲ್ಲ, ಸುತ್ತಲ ಹಸಿರಿನಲ್ಲಿ ಕರಗಿಹೋಗುತ್ತದೆ. ತೋಟ ಹಸಿರಾಗಿದೆ ಎಂದು ಮಾಡೆಲ್ ಬರೆದಾಗ ಅದು ಕಂಡದ್ದನ್ನೇ ಬರೆದಿದೆ.

ಅದೇ ಎಲೆಗೆ ಹತ್ತಿರ ಹೋಗಿ, 20 ಸೆಂಟಿಮೀಟರ್ ಅಗಲವಷ್ಟೇ ಚೌಕಟ್ಟಿನಲ್ಲಿ ಬರುವಂತೆ ತೆಗೆದರೆ, 336ಕ್ಕೆ ಕುಗ್ಗಿದ ಮೇಲೂ ಚುಕ್ಕಿಗೆ ಎಂಟು ಪಿಕ್ಸೆಲ್ ಸಿಗುತ್ತದೆ. ಅಂಚಿನ ಹಳದಿ ಬಳೆಯೂ ಆಗ ಕಾಣಿಸಬಹುದು. ಹೊಸ ಮಾಡೆಲ್‌ಗಳು ಇದಕ್ಕಿಂತ ದೊಡ್ಡ ಚಿತ್ರವನ್ನು ತುಂಡು ತುಂಡಾಗಿ ನೋಡುತ್ತವೆ, ಆದರೆ ಅಲ್ಲಿಯೂ ಮಿತಿ ಇದ್ದೇ ಇದೆ. ಕೆಲವು ಸೇವೆಗಳಲ್ಲಿ ಖರ್ಚು ಉಳಿಸುವ ಕಡಿಮೆ ವಿವರದ ಆಯ್ಕೆ ಇರುತ್ತದೆ. ಯಾರೋ ಯಾವಾಗಲೋ ಅದನ್ನು ಒತ್ತಿಟ್ಟಿರುವುದೂ ಉಂಟು.

ಪರೀಕ್ಷೆಗೆ ಈ ಕೆಲವು ಸಾಲು ಸಾಕು. `data` ಎಂದರೆ ಮಾಡೆಲ್‌ಗೆ ಹೋಗುವ ಮುನ್ನ ನಿಮ್ಮ ಸರ್ವರಿನಲ್ಲಿರುವ ಚಿತ್ರದ ಬೈಟ್‌ಗಳು:

```python
from PIL import Image, ImageOps
import io

img = ImageOps.exif_transpose(Image.open(io.BytesIO(data)))
print(img.size)
img.thumbnail((336, 336))
img.save("check.png")
```

336ರ ಜಾಗದಲ್ಲಿ ನಿಮ್ಮ ಮಾಡೆಲ್‌ನ ಅಳತೆ ಹಾಕಿ. `check.png` ತೆರೆದು ನಿಮ್ಮ ಕಣ್ಣಿನಿಂದಲೇ ಚುಕ್ಕಿ ಹುಡುಕಿ. ದೊಡ್ಡದು ಮಾಡಿದರೂ ನಿಮಗೆ ಸಿಗದಿದ್ದರೆ ಯಾವ ಸೂಚನೆಯೂ ಅದನ್ನು ಮಾಡೆಲ್‌ಗೆ ತೋರಿಸಲಾರದು. `exif_transpose` ಇರುವುದಕ್ಕೂ ಕಾರಣವಿದೆ. ಎಷ್ಟೋ ಫೋನ್‌ಗಳು ಚಿತ್ರವನ್ನು ಅಡ್ಡಲಾಗಿಯೇ ಉಳಿಸಿ, ಯಾವ ಕಡೆ ತಿರುಗಿಸಿ ತೋರಿಸಬೇಕು ಎಂಬುದನ್ನು ಫೈಲಿನೊಳಗೆ ಬೇರೆ ಟಿಪ್ಪಣಿಯಾಗಿ ಇಡುತ್ತವೆ. ಡಾಕ್ಯುಮೆಂಟ್ ಆಗಿ ಬಂದ ಫೈಲಿನಲ್ಲಿ ಆ ಟಿಪ್ಪಣಿ ಹಾಗೇ ಇರುತ್ತದೆ. ಅದನ್ನು ಓದದ ಕೋಡ್ ಮರವನ್ನು ಮಲಗಿಸಿ ಕಳಿಸುತ್ತದೆ, ಆಗ ಕೆಳಗಿನ ಎಲೆ ಯಾವುದು ಮೇಲಿನದು ಯಾವುದು ಎಂಬ ಲೆಕ್ಕವೇ ತಪ್ಪುತ್ತದೆ.

ಫೋಟೋ ಸರಿ ಇದೆ, ಉತ್ತರ ಇನ್ನೂ ಸಪ್ಪೆ

ಈ ಮೂರನೆಯದೇ ನಿಜವಾದ ತೊಡಕು. ಚುಕ್ಕಿ ಸ್ಪಷ್ಟವಾಗಿ ಕಾಣುವ ಫೋಟೋ, ಸರಿಯಾಗಿ ತಲುಪಿದೆ, ಆದರೂ ಉತ್ತರ ವರ್ಣನೆಯಲ್ಲೇ ಮುಗಿಯುತ್ತದೆ. ಹೀಗೇಕೆ ಎಂದು ತಿಳಿಯಲು ಇಂಥ ಮಾಡೆಲ್ ಕಲಿತ ಪಾಠವನ್ನು ನೋಡಬೇಕು. ಮುಚ್ಚುಮರೆಯಿಲ್ಲದೆ ವಿವರ ಪ್ರಕಟವಾಗಿರುವುದರಿಂದ 2023ರ ಮೊದಲ ಲಾವಾ ಮಾಡೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಹಂತದಲ್ಲಿ ಅದಕ್ಕೆ ಸುಮಾರು 5,95,000 ಚಿತ್ರಗಳನ್ನು ತೋರಿಸಿದರು. ಕೇಳಿದ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಒಂದೇ: ಈ ಚಿತ್ರವನ್ನು ಚುಟುಕಾಗಿ ವರ್ಣಿಸು. ಉತ್ತರವೆಂದರೆ ಚಿತ್ರದ ಅಡಿಬರಹ. ಎರಡನೆಯ ಹಂತದಲ್ಲಿ ಸುಮಾರು 1,58,000 ಪ್ರಶ್ನೋತ್ತರಗಳಿದ್ದವು. ಅವನ್ನು ಬರೆಸಿದ್ದು ಜಿಪಿಟಿ-4 ಕೈಯಲ್ಲಿ. ಅದಕ್ಕೆ ಚಿತ್ರ ಕೊಟ್ಟಿರಲಿಲ್ಲ, ಅಡಿಬರಹಗಳನ್ನೂ ಚಿತ್ರದಲ್ಲಿ ಯಾವ ವಸ್ತು ಎಲ್ಲಿದೆ ಎಂಬ ಅಂಕಿಗಳನ್ನೂ ಮಾತ್ರ ಕೊಟ್ಟಿದ್ದರು. ಸಂಭಾಷಣೆಯ ಭಾಗ ಬರೆಯುವಾಗ, ಖಚಿತ ಉತ್ತರ ಕೊಡಬಹುದಾದ ಪ್ರಶ್ನೆಗಳನ್ನಷ್ಟೇ ಸೇರಿಸಬೇಕೆಂದು ಹೇಳಲಾಗಿತ್ತು.

ಆ ಕೊನೆಯ ಮಾತೇ ನಮ್ಮ ದೋಷದ ಬೇರು ಎಂದು ನನ್ನ ನಂಬಿಕೆ. ಖಚಿತ ಉತ್ತರವಿರುವ ಪ್ರಶ್ನೆಗಳನ್ನೇ ಕಂಡು ಬೆಳೆದ ಮಾಡೆಲ್‌ಗೆ ‘ಎಂತ ಅನ್ಸುತ್ತೆ’ ಎಂಬುದು ಹೊಸದು. ಇಲ್ಲಿ ಕೇಳಿದವರು ಯಾವುದರ ಬಗ್ಗೆ ಕೇಳಿದರು ಎಂಬುದೇ ಪ್ರಶ್ನೆಯಲ್ಲಿಲ್ಲ. ‘ನೀವು ಕೇಳುತ್ತಿರುವುದು ಯಾವುದನ್ನು’ ಎಂದು ತಿರುಗಿ ಕೇಳುವ ಅಭ್ಯಾಸ ಅಂಥ ಪಾಠದಿಂದ ಬರುವುದು ಕಷ್ಟ. ಆಗ ಅತಿ ಹೆಚ್ಚು ಸಲ ಕಲಿತ ದಾರಿಗೇ ಅದು ಮರಳುತ್ತದೆ, ಅಂದರೆ ವರ್ಣನೆಗೆ. ಈಚಿನ ಮಾಡೆಲ್‌ಗಳು ಇದರಲ್ಲಿ ಸುಧಾರಿಸಿವೆ, ಆದರೂ ಈ ಒಲವು ಪೂರ್ತಿ ಹೋಗಿಲ್ಲ. ಹೊಗಳಿಕೆಯ ಮೂಲ ಬೇರೆ. ಉತ್ತರಗಳನ್ನು ಜನರ ಮೆಚ್ಚುಗೆಗೆ ತಕ್ಕಂತೆ ತಿದ್ದುವ ಹಂತದಲ್ಲಿ, ಹಿತವಾದ ಮಾತಿಗೆ ಹೆಚ್ಚು ಅಂಕ ಸಿಗುವುದರಿಂದ ಅದು ಸೇರಿಕೊಳ್ಳುತ್ತದೆ. ‘ಎಂತ ಅನ್ಸುತ್ತೆ’ ಎಂಬ ಮಾತಿನಲ್ಲಿ ಅಭಿಪ್ರಾಯದ ವಾಸನೆ ಇರುವುದರಿಂದ ಹೊಗಳಿಕೆ ಇನ್ನೂ ಸುಲಭವಾಗಿ ಹೊರಬರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಅದೇ ಹತ್ತಿರದ ಫೋಟೋಕ್ಕೆ ಮೂರು ಪ್ರಶ್ನೆ ಕೇಳಿ. ಮೊದಲನೆಯದು ‘ಎಂತ ಅನ್ಸುತ್ತೆ?’ ಎರಡನೆಯದು ‘ಫೋಟೋದಲ್ಲಿ ಏನಿದೆ?’ ಮೂರನೆಯದು ‘ಎಲೆಯ ಮೇಲೆ ಕಲೆಗಳಿವೆಯೇ? ಇದ್ದರೆ ಬಣ್ಣ, ಅಂಚು, ಜಾಗ ಹೇಳಿ, ಇಲ್ಲದಿದ್ದರೆ ಇಲ್ಲ ಎನ್ನಿ.’ ಮೊದಲ ಎರಡಕ್ಕೆ ಹೆಚ್ಚುಕಡಿಮೆ ಒಂದೇ ಉತ್ತರ ಬಂದು, ಮೂರನೆಯದಕ್ಕೆ ಕಂದು ಚುಕ್ಕಿ, ಹಳದಿ ಬಳೆ ಎಂದು ಸರಿಯಾಗಿ ಬಂದರೆ ದೋಷಪತ್ತೆ ಮುಗಿಯಿತು. ಮಾಡೆಲ್ ಚುಕ್ಕಿಯನ್ನು ಕಂಡಿದೆ. ಅದನ್ನು ಹೇಳಬೇಕೆಂಬುದು ಪ್ರಶ್ನೆಯಿಂದ ಅದಕ್ಕೆ ತಿಳಿದಿಲ್ಲ, ಅಷ್ಟೇ.

ಪರಿಹಾರವೇ ಹೊಸ ದೋಷವಾಗದಿರಲಿ

ಇಲ್ಲಿ ಎಲ್ಲರೂ ಮಾಡುವ ಮೊದಲ ತಿದ್ದುಪಡಿ, ಸೂಚನೆಯಲ್ಲಿ ‘ನೀನು ಅಡಿಕೆ ರೋಗ ತಜ್ಞ, ಫೋಟೋದಲ್ಲಿರುವ ರೋಗವನ್ನು ಹೇಳು’ ಎಂದು ಬರೆಯುವುದು. ಸಪ್ಪೆ ಉತ್ತರ ಕೂಡಲೇ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಆರೋಗ್ಯವಂತ ಎಲೆಯ ಫೋಟೋವನ್ನು ಒಮ್ಮೆ ಅದಕ್ಕೆ ಕೊಟ್ಟು ನೋಡಿ. ಅಲ್ಲಿಯೂ ರೋಗ ಸಿಗುತ್ತದೆ. ಎಲೆಯ ಮೇಲಿನ ಬಿಸಿಲ ಕಲೆ, ಧೂಳು, ಪಾಚಿ ಎಲ್ಲವೂ ಎಲೆಚುಕ್ಕಿ ರೋಗವಾಗುತ್ತವೆ.

ಚಿತ್ರಕ್ಕಿಂತ ಪ್ರಶ್ನೆಯ ಮಾತಿಗೆ ಹೆಚ್ಚು ಬೆಲೆ ಕೊಡುವ ಈ ಗುಣ ಹಳೆಯದು. ಚಿತ್ರ ನೋಡಿ ಪ್ರಶ್ನೆಗೆ ಉತ್ತರಿಸುವ ಪರೀಕ್ಷೆಗೆಂದು ಮಾಡಿದ್ದ ವಿಕ್ಯೂಎ ಸಂಗ್ರಹದಲ್ಲಿ, ‘ಇದರಲ್ಲಿ ಇಂಥದ್ದು ಕಾಣುತ್ತಿದೆಯೇ’ ಎಂದು ಶುರುವಾಗುವ ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಹೌದು ಎಂದರೆ 87 ಪ್ರತಿಶತ ಸರಿಯಾಗುತ್ತಿತ್ತು. ಜನ ಚಿತ್ರದಲ್ಲಿ ಇರುವುದರ ಬಗ್ಗೆಯೇ ಹೆಚ್ಚಾಗಿ ಕೇಳುತ್ತಾರೆ, ಅದೇ ಕಾರಣ. ಅದನ್ನು ಸರಿಪಡಿಸಲು 2017ರಲ್ಲಿ ಎರಡನೆಯ ಆವೃತ್ತಿ ತಂದರು. ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರುವಂಥ ಜೋಡಿ ಚಿತ್ರಗಳನ್ನು ಅದರಲ್ಲಿ ಸೇರಿಸಿದರು. ನಮ್ಮ ಪರೀಕ್ಷೆಗೂ ಆ ಉಪಾಯವನ್ನೇ ತೆಗೆದುಕೊಳ್ಳಬಹುದು: ಪ್ರತಿ ರೋಗದ ಫೋಟೋಕ್ಕೂ ಅದೇ ಬೆಳಕಿನಲ್ಲಿ, ಅದೇ ದೂರದಿಂದ ತೆಗೆದ ಒಳ್ಳೆಯ ಎಲೆಯ ಫೋಟೋವನ್ನು ಜೋಡಿಯಾಗಿ ಇಟ್ಟುಕೊಳ್ಳಿ. ಎರಡಕ್ಕೂ ‘ಎಂತ ಅನ್ಸುತ್ತೆ’ ಎಂದೇ ಕೇಳಿ. ಎರಡಕ್ಕೂ ಒಂದೇ ರೋಗದ ಹೆಸರು ಬಂದರೆ ತಿದ್ದುಪಡಿ ವಾಪಸ್ ತೆಗೆಯಿರಿ.

ನಾವು ಕೊನೆಗೆ ಉಳಿಸಿಕೊಂಡ ಸೂಚನೆಯಲ್ಲಿ ರೋಗ ಎಂಬ ಮಾತೇ ಇಲ್ಲ. ಪ್ರಶ್ನೆ ಸ್ಪಷ್ಟವಿಲ್ಲದಿದ್ದರೆ, ಬೆಳೆಗಾರರು ಗಮನಿಸಿರಬಹುದಾದದ್ದು ಫೋಟೋದಲ್ಲಿ ಏನಾದರೂ ಇದೆಯೇ ಎಂದು ಮೊದಲು ಒಂದೆರಡು ವಾಕ್ಯದಲ್ಲಿ ಹೇಳಬೇಕು. ಬಣ್ಣ, ಆಕಾರ, ಜಾಗ ಹೇಳಬೇಕು, ಹೆಸರು ಬೇಡ. ವಿಶೇಷವೇನೂ ಕಾಣದಿದ್ದರೆ ಕಾಣುತ್ತಿಲ್ಲ ಎನ್ನಬೇಕು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಬೇಕು. ಔಷಧಿ, ಅದರ ಪ್ರಮಾಣ ಬರೆಯಕೂಡದು. ಒಂದೇ ಪ್ರಶ್ನೆ ಎಂಬುದು ಮುಖ್ಯ. ತೋಟದಲ್ಲಿ ನಿಂತವರಿಗೆ ಐದು ಪ್ರಶ್ನೆಗಳ ಪಟ್ಟಿ ಕಳಿಸಿದರೆ ಅವರು ಫೋನ್ ಜೇಬಿಗೆ ಹಾಕುತ್ತಾರೆ. ಅಡಿಕೆಗೆ ಅತಿ ಹೆಚ್ಚು ಕೆಲಸಕ್ಕೆ ಬರುವ ಪ್ರಶ್ನೆ ‘ಇದು ಕೆಳಗಿನ ಸೋಗೆಯಲ್ಲಿ ಮಾತ್ರವೋ, ಮೇಲಿನದರಲ್ಲೂ ಇದೆಯೋ?’ ಎಂಬುದು. ಎಲೆಚುಕ್ಕಿ ಸಾಮಾನ್ಯವಾಗಿ ಕೆಳಗಿನ ಸೋಗೆಗಳಿಂದ ಶುರುವಾಗುತ್ತದೆ.

ಮಾತಿನ ಹಿಂದಿನ ಮಾತನ್ನೂ ಜೊತೆಗೆ ಕಳಿಸಿ. ಒಂದು ಪ್ರಕರಣದಲ್ಲಿ ಬೆಳೆಗಾರರು ಮೊದಲು ‘ಮಳೆ ಬಿಟ್ಟ ಮೇಲೆ ಅಡಿ ಸೋಗೆ ಒಣಗ್ತಾ ಬಂತು’ ಎಂದು ಬರೆದಿದ್ದರು, ಮರುದಿನ ಫೋಟೋ ಕಳಿಸಿ ‘ಈಗ ಎಂತ ಅನ್ಸುತ್ತೆ?’ ಎಂದರು. ಅವರ ಮಟ್ಟಿಗೆ ಪ್ರಶ್ನೆ ಪೂರ್ತಿಯಾಗಿತ್ತು, ಅರ್ಧ ಹಿಂದಿನ ದಿನದ ಸಂದೇಶದಲ್ಲಿತ್ತು. ಕೊನೆಯ ಸಂದೇಶವನ್ನಷ್ಟೇ ಮಾಡೆಲ್‌ಗೆ ಕೊಡುತ್ತಿದ್ದ ವ್ಯವಸ್ಥೆಗೆ ಅದು ಖಾಲಿ ಪ್ರಶ್ನೆಯಾಗಿ ಕಂಡಿತು. ಹಿಂದಿನ ಕೆಲವು ಸಂದೇಶಗಳನ್ನು ಸೇರಿಸಿದ ಮೇಲೆ, ಸೂಚನೆಯಲ್ಲಿ ಒಂದಕ್ಷರ ಬದಲಿಸದೆಯೇ, ಅದೇ ಫೋಟೋಕ್ಕೆ ಬಂದ ಉತ್ತರ ಒಣಗಿದ ತುದಿ, ಒಂದಕ್ಕೊಂದು ಕೂಡಿಕೊಂಡ ಚುಕ್ಕಿಗಳ ಬಗ್ಗೆ ಇತ್ತು. ನಮ್ಮ ಮಂದಿ ‘ಹೇಗಿದೆ’, ‘ಎಂತ ಅನ್ಸುತ್ತೆ’ ಎಂದು ಮೊಟಕಾಗಿ ಬರೆಯುವುದು ಬಹಳ ಸಲ ಹೀಗೆಯೇ, ಉಳಿದದ್ದನ್ನು ಮೊದಲೇ ಹೇಳಿರುತ್ತಾರೆ.

ಎಲ್ಲಿಗೆ ನಿಲ್ಲಿಸಬೇಕು

ಇಷ್ಟೆಲ್ಲ ಸರಿಯಾದ ಮೇಲೂ ಒಂದು ಫೋಟೋದಿಂದ ಆಗದ ಕೆಲಸಗಳಿವೆ. ಅಡಿಕೆಯ ಹಳದಿ ಎಲೆ ರೋಗದಲ್ಲಿ ಎಲೆಯ ತುದಿಯಿಂದ ಹಳದಿ ಶುರುವಾಗುತ್ತದೆ, ಪೋಷಕಾಂಶದ ಕೊರತೆಯಲ್ಲೂ ಹಳದಿಯೇ, ಜಾಸ್ತಿ ನೀರು ನಿಂತರೂ ಹಳದಿಯೇ. ಇವನ್ನು ಬೇರ್ಪಡಿಸಲು ಮಣ್ಣಿನ ಪರೀಕ್ಷೆ ಬೇಕು, ಅಕ್ಕಪಕ್ಕದ ಮರ ನೋಡಬೇಕು, ಬುಡದ ಬಸಿಗಾಲುವೆ ನೋಡಬೇಕು. ಆದರೆ ಮಾಡೆಲ್‌ನ ವಾಕ್ಯದಲ್ಲಿರುವ ಧೈರ್ಯ ಎಲ್ಲ ಸಂದರ್ಭದಲ್ಲೂ ಒಂದೇ ಮಟ್ಟದ್ದು. ಹಾಗಾಗಿ ಧೈರ್ಯ ನೋಡಿ ನಂಬಲಾಗದು.

ಉತ್ತರವನ್ನು ಎಷ್ಟು ನಂಬಬಹುದೆಂದು ಅಳೆಯಲು ನಾವು ಬಳಸುವ ದಾರಿ ಇದು: ಅದೇ ಫೋಟೋ, ಅದೇ ಮಾತು, ಅದೇ ಸೂಚನೆಯನ್ನು ಐದಾರು ಸಲ ಕಳಿಸುವುದು. ಉತ್ತರ ಸಲದಿಂದ ಸಲಕ್ಕೆ ಎಷ್ಟು ಬದಲಾಗಬಹುದು ಎಂಬುದನ್ನು ಹಿಡಿತದಲ್ಲಿಡುವ `temperature` ಅನ್ನು ಸೊನ್ನೆ ಇಟ್ಟರೆ ಉತ್ತರ ಹೆಚ್ಚುಕಡಿಮೆ ಒಂದೇ ಬಂದು ಸತ್ಯ ಮುಚ್ಚಿಹೋಗುತ್ತದೆ, ಆದ್ದರಿಂದ ಪರೀಕ್ಷೆಯ ಹೊತ್ತಿಗೆ ಅದನ್ನು ಸ್ವಲ್ಪ ಮೇಲಕ್ಕಿಡಿ. ಪ್ರತಿ ಸಲವೂ ಕಂದು ಚುಕ್ಕಿ, ಹಳದಿ ಅಂಚು ಎಂಬ ವಿವರವೇ ಬಂದರೆ ಆ ವಿವರವನ್ನು ಬೆಳೆಗಾರರಿಗೆ ತಿಳಿಸಬಹುದು. ಒಮ್ಮೆ ಚುಕ್ಕಿ, ಒಮ್ಮೆ ಸುಟ್ಟ ಅಂಚು, ಒಮ್ಮೆ ಹುಳ ತಿಂದ ಗುರುತು ಎಂದು ಬದಲಾಗುತ್ತಿದ್ದರೆ ಅದು ಊಹೆ. ಎಲ್ಲ ಸಲವೂ ಒಂದೇ ಬಂದರೂ ತಪ್ಪಾಗಿರಲು ಸಾಧ್ಯ, ಆದರೆ ಬದಲಾಗುತ್ತಿದ್ದರೆ ನಂಬಬಾರದು ಎಂಬುದಂತೂ ಖಂಡಿತ. ಅಂಥ ಫೋಟೋ ನಮ್ಮಲ್ಲಿ ನೇರವಾಗಿ ಸಹೋದ್ಯೋಗಿಯ ಸಾಲಿಗೆ ಹೋಗುತ್ತದೆ. ಅವರು ಬೆಳೆಗಾರರಿಗೆ ಫೋನ್ ಮಾಡಿ, ಎಲೆಯ ಅಡಿಭಾಗವನ್ನು ಒಂದು ಗೇಣಿನ ದೂರದಿಂದ ಇನ್ನೊಮ್ಮೆ ತೆಗೆದು ಕಳಿಸಿ ಎನ್ನುತ್ತಾರೆ. ಆ ಎರಡನೆಯ ಫೋಟೋ ಬಂದ ಮೇಲೂ ತೀರ್ಮಾನವಾಗದಿದ್ದರೆ, ಎಲೆಯನ್ನೇ ಕಾಗದದಲ್ಲಿ ಸುತ್ತಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಲು ಹೇಳುತ್ತಾರೆ.